ಖಾತೆ ಮುಚ್ಚುವ ಮೊದಲು ಹದಿಮೂರು ತಿಂಗಳ ಸ್ಟೇಟ್‌ಮೆಂಟ್

ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕಂಪನಿ ಬದಲಿಸಿದರೆ ಸಾಮಾನ್ಯವಾಗಿ ಸಂಬಳದ ಖಾತೆಯೂ ಬದಲಾಗುತ್ತದೆ. ಹೊಸ ಕಂಪನಿ ಹೇಳಿದ ಬ್ಯಾಂಕಿನಲ್ಲಿ ಮೊದಲ ದಿನವೇ ಖಾತೆ ತೆರೆದುಕೊಳ್ಳುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಕೆಲವು ತಿಂಗಳು ಸಂಬಳ ಬೀಳದಿದ್ದರೆ ಬ್ಯಾಂಕು ಆ ಹಳೆಯ ಖಾತೆಯನ್ನು ಮಾಮೂಲಿ ಉಳಿತಾಯ ಖಾತೆಯಾಗಿ ಬದಲಿಸುತ್ತದೆ. ಅಲ್ಲಿಂದ ಮಿನಿಮಮ್ ಬ್ಯಾಲೆನ್ಸ್ ಲೆಕ್ಕ ಶುರು. ಮೊಬೈಲಿಗೆ ಮೊದಲ ದಂಡದ ಮೆಸೇಜ್ ಬಂದ ದಿನ ‘ಈ ಖಾತೆಯ ಸಹವಾಸವೇ ಬೇಡ’ ಎಂದು ಹೆಬ್ಬಾಳದ ಶಾಖೆಗೆ ಹೋಗಿ ಕ್ಲೋಸರ್ ಫಾರಂ ಕೇಳುವವರು ಬಹಳ.

ಅಲ್ಲಿ ಎರಡು ಸಂಗತಿ ಎದುರಾಗುತ್ತವೆ. ಒಂದು, ವರ್ಷ ತುಂಬುವ ಮೊದಲೇ ಮುಚ್ಚಿದರೆ ಕಟ್ಟಬೇಕಾದ ಶುಲ್ಕ. ಎಲ್ಲರೂ ಜಗಳವಾಡುವುದು ಇದರ ಬಗ್ಗೆ. ಇನ್ನೊಂದು, ಆ ಖಾತೆಗೆ ಕಟ್ಟಿಹಾಕಿರುವ ಆಟೋ ಡೆಬಿಟ್‌ಗಳು. ಇದನ್ನು ಕೇಳುವವರೇ ಕಡಿಮೆ, ಆದರೆ ನಿಜವಾದ ಪೆಟ್ಟು ಬೀಳುವುದು ಇಲ್ಲೇ.

ಶುಲ್ಕದ್ದನ್ನು ಮೊದಲು ಮುಗಿಸೋಣ. ಸ್ಟೇಟ್ ಬ್ಯಾಂಕಿನ ಪದ್ಧತಿ ನೋಡಿ. ಖಾತೆ ತೆರೆದ 14 ದಿನದೊಳಗೆ ಮುಚ್ಚಿದರೆ ಏನೂ ಇಲ್ಲ. 14 ದಿನ ಕಳೆದು ಒಂದು ವರ್ಷದೊಳಗೆ ಮುಚ್ಚಿದರೆ 500 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ವರ್ಷ ದಾಟಿದ ಮೇಲೆ ಮತ್ತೆ ಏನೂ ಇಲ್ಲ. ಎಚ್‌ಡಿಎಫ್‌ಸಿಯದೂ ಹೆಚ್ಚುಕಮ್ಮಿ ಇದೇ ಚೌಕಟ್ಟು, ಐಸಿಐಸಿಐನಲ್ಲಿ ಆರಂಭದ ವಿನಾಯಿತಿ 30 ದಿನ. ಶೇ. 18 ಜಿಎಸ್‌ಟಿ ಸೇರಿದರೆ 500 ಎಂಬುದು 590 ಆಗುತ್ತದೆ. ಮೂಲಭೂತ ಉಳಿತಾಯ ಖಾತೆಗೆ, ಅಂದರೆ ಬಿಎಸ್‌ಬಿಡಿ ಖಾತೆಗೆ, ಸ್ಟೇಟ್ ಬ್ಯಾಂಕಿನಲ್ಲಿ ಈ ಶುಲ್ಕ ಇಲ್ಲ. ಖಾತೆದಾರರು ತೀರಿಕೊಂಡು ವಾರಸುದಾರರು ಮುಚ್ಚಿಸುವ ಖಾತೆಗೂ ಇಲ್ಲ. ದರಗಳು ಆಗಾಗ ಬದಲಾಗುವುದರಿಂದ ಸೇವಾ ಶುಲ್ಕಗಳ ಪಟ್ಟಿಯನ್ನು ಶಾಖೆಯಲ್ಲೇ ಕೇಳಿ ನೋಡುವುದು ಒಳ್ಳೆಯದು.

ಈ 14 ದಿನ ಎಲ್ಲಿಂದ ಬಂತು? ಬ್ಯಾಂಕುಗಳು ಗ್ರಾಹಕರ ಜತೆ ನಡೆದುಕೊಳ್ಳಬೇಕಾದ ರೀತಿಗೆ ಬಿಸಿಎಸ್‌ಬಿಐ ಎಂಬ ಮಂಡಳಿ ಒಂದು ಸಂಹಿತೆ ಮಾಡಿತ್ತು. ಮೊದಲ ಹಣ ಕಟ್ಟಿದ 14 ದಿನದೊಳಗೆ ‘ಈ ಖಾತೆ ನನಗೆ ಹೊಂದುವುದಿಲ್ಲ’ ಅಂದರೆ ಹಣವನ್ನು ಬಡ್ಡಿ ಸಮೇತ ವಾಪಸ್ ಕೊಡಬೇಕು ಎಂಬ ಮಾತು ಅದರಲ್ಲಿತ್ತು. ಮಂಡಳಿ ಈಗಿಲ್ಲ, ಆ ಅಭ್ಯಾಸ ಶುಲ್ಕದ ಪಟ್ಟಿಯಲ್ಲಿ ಉಳಿದುಕೊಂಡಿದೆ. ವರ್ಷದೊಳಗಿನ ಶುಲ್ಕಕ್ಕೆ ಬ್ಯಾಂಕಿನವರು ಕೊಡುವ ಕಾರಣ, ಖಾತೆ ತೆರೆಯಲು ಚೆಕ್‌ಬುಕ್ಕು, ಕಾರ್ಡು, ಕೆವೈಸಿ ಎಂದು ಆಗುವ ಖರ್ಚು. ಒಪ್ಪಬಹುದಾದ ಮಾತೇ. ಆದರೆ ಖಾತೆ ತೆರೆಸುವಾಗ ಈ ಷರತ್ತನ್ನು ಬಾಯಿಬಿಟ್ಟು ಹೇಳುವವರನ್ನು ನಾನಂತೂ ಕಂಡಿಲ್ಲ.

ಹಾಗಾದರೆ 590 ಕೊಟ್ಟು ಈಗಲೇ ಮುಚ್ಚುವುದೋ, ವರ್ಷ ತುಂಬುವವರೆಗೆ ಕಾಯುವುದೋ? ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಯಲಹಂಕ ನ್ಯೂ ಟೌನಿನಲ್ಲಿ ಮನೆ ಇರುವ ಹುಡುಗಿಯೊಬ್ಬಳು 2025ರ ಜೂನ್ 16ರಂದು ಸಂಬಳದ ಖಾತೆ ತೆರೆದಳು. ಡಿಸೆಂಬರಿನಲ್ಲಿ ಕೆಲಸ ಬಿಟ್ಟಳು. 2026ರ ಮಾರ್ಚ್ ಹೊತ್ತಿಗೆ ಖಾತೆ ಮಾಮೂಲಿಯಾಯಿತು, ತಿಂಗಳ ಸರಾಸರಿ 10,000 ರೂಪಾಯಿ ಇರಬೇಕೆಂಬ ನಿಯಮ ಅಂಟಿಕೊಂಡಿತು. ವರ್ಷ ತುಂಬಲು ಇನ್ನೂ ಮೂರೂವರೆ ತಿಂಗಳು ಇದೆ.

ಅವಳು 10,000ವನ್ನು ಖಾತೆಯಲ್ಲಿ ಮುಟ್ಟದೆ ಬಿಟ್ಟರೆ ಆಗುವ ನಷ್ಟ ಬಹಳ ಸಣ್ಣದು. ಅದೇ ದುಡ್ಡನ್ನು ಠೇವಣಿಯಲ್ಲಿಟ್ಟಿದ್ದರೆ ಬರುತ್ತಿದ್ದ ಬಡ್ಡಿಗೂ ಉಳಿತಾಯ ಖಾತೆಯ ಬಡ್ಡಿಗೂ ಶೇ. 4ರಷ್ಟು ಅಂತರ ಎಂದಿಟ್ಟುಕೊಂಡರೂ ಮೂರೂವರೆ ತಿಂಗಳಿಗೆ ಸುಮಾರು 117 ರೂಪಾಯಿ. 590ಕ್ಕಿಂತ ಎಷ್ಟೋ ವಾಸಿ, ಕಾಯಬಹುದು. ಆದರೆ ಖಾತೆಯನ್ನು ಖಾಲಿ ಬಿಟ್ಟು ಕಾದರೆ ಲೆಕ್ಕ ತಲೆಕೆಳಗಾಗುತ್ತದೆ. ಕೊರತೆಯ ಶೇ. 6ರಷ್ಟು ದಂಡ ಎಂಬ ದರ ಖಾಸಗಿ ಬ್ಯಾಂಕುಗಳಲ್ಲಿ ಇದೆ. 10,000ಕ್ಕೆ ಒಂದು ತಿಂಗಳಿಗೆ 600, ಜಿಎಸ್‌ಟಿ ಸೇರಿ 708. ಒಂದೇ ತಿಂಗಳ ದಂಡ ಮುಚ್ಚುವ ಶುಲ್ಕವನ್ನು ಮೀರಿತು. ಕೈಯಲ್ಲಿ ಹತ್ತು ಸಾವಿರ ಕಟ್ಟಿಹಾಕಲು ಆಗದವರು 590 ಕೊಟ್ಟು ಕೈತೊಳೆದುಕೊಳ್ಳುವುದೇ ಅಗ್ಗ.

ಇಲ್ಲಿ ರಿಸರ್ವ್ ಬ್ಯಾಂಕಿನ ಒಂದು ನಿಯಮ ನೆನಪಿರಲಿ. 2015ರ ಏಪ್ರಿಲ್ 1ರಿಂದ, ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕಿ ಉಳಿತಾಯ ಖಾತೆಯನ್ನು ಮೈನಸ್‌ಗೆ ಇಳಿಸುವಂತಿಲ್ಲ. ಕೌಂಟರಿನಲ್ಲಿ ‘ಮೊದಲು ಬಾಕಿ ದಂಡ ಕಟ್ಟಿ, ಆಮೇಲೆ ಮುಚ್ಚುತ್ತೇವೆ’ ಎಂದರೆ ಅದು ಯಾವ ಬಾಬ್ತಿನ ಬಾಕಿ ಎಂದು ಬರವಣಿಗೆಯಲ್ಲಿ ಕೇಳಿ. ಮೂರನೆಯ ದಾರಿಯೂ ಒಂದಿದೆ. ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇಲ್ಲದಿದ್ದರೆ, ಇದನ್ನೇ ಬಿಎಸ್‌ಬಿಡಿ ಖಾತೆಯಾಗಿ ಬದಲಿಸಿ ಎಂದು ಅರ್ಜಿ ಕೊಡಬಹುದು. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇರುವುದಿಲ್ಲ, ನಿಧಾನವಾಗಿ ಮುಚ್ಚಿಕೊಳ್ಳಬಹುದು.

ಈಗ ಆಟೋ ಡೆಬಿಟ್. ‘ಖಾತೆಯೇ ಇಲ್ಲವೆಂದ ಮೇಲೆ ದುಡ್ಡು ಹೇಗೆ ಕತ್ತರಿಸುತ್ತಾರೆ, ಎಲ್ಲ ತಾನಾಗಿ ನಿಂತುಹೋಗುತ್ತದೆ’ ಎಂಬ ನಂಬಿಕೆ ಓದಿದವರಲ್ಲೂ ಇದೆ. ನಿಲ್ಲುವುದು ದುಡ್ಡು ಹೋಗುವುದು ಮಾತ್ರ, ಕೇಳುವುದು ನಿಲ್ಲುವುದಿಲ್ಲ. ನಮ್ಮ ಹುಡುಗಿಯ ಸ್ಕೂಟರ್ ಸಾಲದ ಕಂತು ಪ್ರತಿ 5ನೇ ತಾರೀಕು ಹಳೆಯ ಖಾತೆಯಿಂದ ಹೋಗುತ್ತಿತ್ತು ಎನ್ನಿ. ಖಾತೆ ಮುಚ್ಚಿದ ಮೇಲೂ ಸಾಲ ಕೊಟ್ಟ ಸಂಸ್ಥೆ 5ನೇ ತಾರೀಕಿಗೆ ತನ್ನ ಪಟ್ಟಿಯನ್ನು ಕಳಿಸುತ್ತದೆ. ಆ ಪಟ್ಟಿ ಎನ್‌ಪಿಸಿಐ ನಡೆಸುವ ನ್ಯಾಚ್ ವ್ಯವಸ್ಥೆಯ ಮೂಲಕ ಅವಳ ಬ್ಯಾಂಕಿಗೆ ಬರುತ್ತದೆ, ಬ್ಯಾಂಕು ‘ಖಾತೆ ಮುಚ್ಚಿದೆ’ ಎಂಬ ಕಾರಣ ಬರೆದು ಹಿಂದಿರುಗಿಸುತ್ತದೆ. ಖಾತೆಯೇ ಇಲ್ಲದ್ದರಿಂದ ಆ ಬ್ಯಾಂಕು ಅವಳಿಂದ ದಂಡ ವಸೂಲಿ ಮಾಡುವುದಿಲ್ಲ. ಸಾಲದ ಸಂಸ್ಥೆ ಬೌನ್ಸ್ ಚಾರ್ಜು, ತಡವಾದದ್ದಕ್ಕೆ ದಂಡ ಶುಲ್ಕ ಎರಡನ್ನೂ ಹಾಕುತ್ತದೆ. ಕಂತು ಬಾಕಿಯಾದ ಸಂಗತಿ ಸಿಬಿಲ್ ವರದಿಗೂ ಹೋಗುತ್ತದೆ. ಹಳೆಯ ಬ್ಯಾಂಕಿನ ಮೆಸೇಜುಗಳು ನಿಂತುಹೋಗಿರುವುದರಿಂದ ಅವಳಿಗೆ ಸುದ್ದಿ ಮುಟ್ಟುವುದು ವಸೂಲಿಯವರ ಫೋನಿನಿಂದ.

ಚೆಕ್ಕು ಕೊಟ್ಟಿದ್ದರಂತೂ ವಿಷಯ ಇನ್ನೂ ಬಿಗಿ. ಖಾತೆ ಮುಚ್ಚಿದ್ದರಿಂದ ಚೆಕ್ಕು ವಾಪಸಾದರೂ ಅದು ಚೆಕ್ ಬೌನ್ಸ್ ಅಪರಾಧವೇ ಎಂದು ಸುಪ್ರೀಂ ಕೋರ್ಟು 1999ರಲ್ಲಿ ಎನ್‌ಇಪಿಸಿ ಮೈಕಾನ್ ಪ್ರಕರಣದಲ್ಲಿ ಹೇಳಿದೆ. ಎಲೆಕ್ಟ್ರಾನಿಕ್ ಡೆಬಿಟ್ ಹಣವಿಲ್ಲದೆ ವಾಪಸಾದಾಗಲೂ ಅಂಥದೇ ಕಾನೂನು ಇದೆ: 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮು. ಮನೆ ಮಾಲೀಕರಿಗೋ, ಚೀಟಿ ಕಂಪನಿಗೋ, ಯಶವಂತಪುರದ ಎಪಿಎಂಸಿ ಯಾರ್ಡಿನ ಮಂಡಿಗೋ ಮುಂದಿನ ತಾರೀಕಿನ ಚೆಕ್ಕು ಕೊಟ್ಟಿಟ್ಟವರು ಅದನ್ನು ವಾಪಸ್ ಪಡೆದು, ಬೇರೆ ಖಾತೆಯದನ್ನು ಕೊಟ್ಟ ಮೇಲೆಯೇ ಕ್ಲೋಸರ್ ಫಾರಮ್ಮಿಗೆ ಸಹಿ ಹಾಕಬೇಕು. ನೋಟಿಸು ಬಂದ ಮೇಲೂ ಹಣ ಕಟ್ಟಲು 15 ದಿನ ಇರುತ್ತದೆ, ನಿಜ. ಆದರೆ ಆ ನೋಟಿಸು ಹೋಗುವುದು ಚೆಕ್ಕು ಪಡೆದವರ ಬಳಿ ಇರುವ ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ.

ಆದ್ದರಿಂದ ಮೊದಲ ಕೆಲಸ, ಈ ಖಾತೆಗೆ ಏನೇನು ತಗುಲಿಕೊಂಡಿದೆ ಎಂದು ಹುಡುಕುವುದು. ಹಿಂದಿನ ಹದಿಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ. ಖಾತೆ ಅಷ್ಟು ಹಳೆಯದಲ್ಲದಿದ್ದರೆ ತೆರೆದ ದಿನದಿಂದ. ಮೂರು ತಿಂಗಳದ್ದು ಸಾಲದು, ಏಕೆಂದರೆ ವರ್ಷಕ್ಕೊಮ್ಮೆ ಕತ್ತರಿಸುವ ಬಾಬ್ತುಗಳು ಅದರಲ್ಲಿ ಕಾಣುವುದೇ ಇಲ್ಲ. ವಿವರದ ಕಾಲಮ್ಮಿನಲ್ಲಿ `ACH`, `NACH`, `SI`, `MANDATE` ಎಂದು ಬಂದ ಸಾಲುಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ. ಖರ್ಚಿನ ಕಡೆಯದಾದ ಮೇಲೆ ಜಮಾ ಕಡೆಯದನ್ನೂ ನೋಡಿ, ಅದಕ್ಕೆ ಆಮೇಲೆ ಬರುತ್ತೇನೆ.

ಗುರುತು ಹಾಕಿದ ಸಾಲುಗಳು ನೋಡಲು ಒಂದೇ ಥರ ಇದ್ದರೂ ಅವುಗಳ ಬೇರು ಬೇರೆ ಬೇರೆ ಕಡೆ ಇದೆ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಎಂಬುದು ನೀವು ನಿಮ್ಮ ಬ್ಯಾಂಕಿಗೇ ಕೊಟ್ಟ ಆದೇಶ. ತಿಂಗಳ ಆರ್‌ಡಿ ಕಂತು, ಅದೇ ಬ್ಯಾಂಕಿನ ಸಾಲದ ಕಂತು, ಲಾಕರ್ ಬಾಡಿಗೆ ಇವೆಲ್ಲ ಈ ಬಗೆಯವು. ಶಾಖೆಯಲ್ಲೋ ನೆಟ್ ಬ್ಯಾಂಕಿಂಗಿನಲ್ಲೋ ಇವನ್ನು ತೆಗೆಯಬಹುದು. ಆರ್‌ಡಿ, ಎಫ್‌ಡಿ, ಲಾಕರ್ ಇದೇ ಖಾತೆಗೆ ಜೋಡಣೆಯಾಗಿದ್ದರೆ ಬ್ಯಾಂಕಿನವರೇ ಫಾರಂ ವಾಪಸ್ ಕೊಟ್ಟು ‘ಮೊದಲು ಅದನ್ನು ಬಿಡಿಸಿ’ ಎನ್ನುತ್ತಾರೆ, ಹಾಗಾಗಿ ಇಲ್ಲಿ ಎಡವುವವರು ಕಡಿಮೆ.

ನ್ಯಾಚ್ ಮ್ಯಾಂಡೇಟ್ ಹಾಗಲ್ಲ. ಅದು ನೀವು ಎಲ್‌ಐಸಿಗೋ, ಮ್ಯೂಚುವಲ್ ಫಂಡಿಗೋ, ಸಾಲದ ಕಂಪನಿಗೋ ‘ನನ್ನ ಖಾತೆಯಿಂದ ಇಂತಿಷ್ಟು ತೆಗೆದುಕೊಳ್ಳಿ’ ಎಂದು ಬರೆದುಕೊಟ್ಟ ಒಪ್ಪಿಗೆ. ಪ್ರತಿ ಮ್ಯಾಂಡೇಟಿಗೂ ಯುಎಂಆರ್‌ಎನ್ ಎಂಬ ಇಪ್ಪತ್ತು ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ ಇರುತ್ತದೆ. ನಿಮ್ಮ ಬ್ಯಾಂಕಿನಲ್ಲಿ ಅದನ್ನು ರದ್ದು ಮಾಡಿಸಿದರೆ ಹಣ ಹೋಗುವುದು ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಇಲ್ಲಿ ಹಣ ಪಡೆಯುವ ಸಂಸ್ಥೆಯಿಂದಲೇ ಶುರು ಮಾಡಬೇಕು. ಹೊಸ ಖಾತೆಯ ಮೇಲೆ ಹೊಸ ಮ್ಯಾಂಡೇಟ್ ಕೊಟ್ಟು, ಅದು ನೋಂದಣಿಯಾಗಿದೆ ಎಂಬ ಉತ್ತರ ಬಂದ ಮೇಲೆ ಹಳೆಯದನ್ನು ರದ್ದು ಮಾಡಿ ಎಂದು ಅವರಿಗೇ ಹೇಳಬೇಕು.

ಡೆಬಿಟ್ ಕಾರ್ಡಿನ ಮೇಲೆ ಕೊಟ್ಟ ಚಂದಾಗಳು, ಸಿನಿಮಾ ನೋಡುವ ಆ್ಯಪ್‌ನವು, ಕಾರ್ಡು ಸತ್ತ ಕೂಡಲೇ ಸಾಯುತ್ತವೆ. ಅವುಗಳಿಂದ ತೊಂದರೆಯಿಲ್ಲ. ಯುಪಿಐ ಆಟೋಪೇ ನಿಮ್ಮ ಫೋನಿನ ಯುಪಿಐ ಆ್ಯಪಿನಲ್ಲೇ ಕಾಣುತ್ತದೆ, ಅಲ್ಲೇ ರದ್ದು ಮಾಡಬಹುದು. ಒಂದಕ್ಕಿಂತ ಹೆಚ್ಚು ಯುಪಿಐ ಆ್ಯಪ್ ಇಟ್ಟುಕೊಂಡವರು ಎಲ್ಲವನ್ನೂ ತೆರೆದು ನೋಡಬೇಕು.

ಮತ್ತೆ ನಮ್ಮ ಹುಡುಗಿಯ ಕತೆಗೆ. ಅವಳ ಖಾತೆಯಿಂದ 5ಕ್ಕೆ ಸ್ಕೂಟರ್ ಕಂತು, 10ಕ್ಕೆ ಎಸ್‌ಐಪಿ, ಮೂರು ತಿಂಗಳಿಗೊಮ್ಮೆ ಎಲ್‌ಐಸಿ ಪ್ರೀಮಿಯಂ ಹೋಗುತ್ತಿವೆ. ಮಾರ್ಚ್ 2ರಂದು ಅವಳು ಸಾಲದ ಕಂಪನಿಗೆ ‘ಕಂತಿನ ಖಾತೆ ಬದಲಿಸಿ’ ಎಂದು ಬರೆಯುತ್ತಾಳೆ. ಮಾರ್ಚ್ 5ರ ಕಂತನ್ನು ಈಗ ತಡೆಯಲು ಆಗುವುದಿಲ್ಲ, ಪಟ್ಟಿ ಆಗಲೇ ತಯಾರಾಗಿರುತ್ತದೆ. ಹಾಗಾಗಿ ಹಳೆಯ ಖಾತೆಯಲ್ಲಿ ಆ ದುಡ್ಡು ಇರಲೇಬೇಕು. 2021ರ ಆಗಸ್ಟ್ 1ರಿಂದ ನ್ಯಾಚ್ ವಾರದ ಏಳೂ ದಿನ ನಡೆಯುತ್ತದೆ, ಭಾನುವಾರ ಬಂತು ಸೋಮವಾರ ನೋಡೋಣ ಅನ್ನುವಂತಿಲ್ಲ. ಮಾರ್ಚಿನ ಮಧ್ಯದ ಹೊತ್ತಿಗೆ ಹೊಸ ಮ್ಯಾಂಡೇಟ್ ನೋಂದಣಿಯಾಗುತ್ತದೆ. ಏಪ್ರಿಲ್ 5ರ ಕಂತು ಹೊಸ ಖಾತೆಯಿಂದ ಹೋಗಿದ್ದನ್ನು ಅವಳು ಕಣ್ಣಾರೆ ನೋಡಬೇಕು. ಅಲ್ಲಿಯವರೆಗೆ ಹಳೆಯ ಖಾತೆಯಲ್ಲೂ ಒಂದು ಕಂತಿನಷ್ಟು ಹಣ ಬಿಟ್ಟಿರಬೇಕು.

ಎಸ್‌ಐಪಿಯಲ್ಲಿ ಒಂದು ಸಿಕ್ಕು ಇದೆ. ಮ್ಯೂಚುವಲ್ ಫಂಡಿನಲ್ಲಿ ‘ಬ್ಯಾಂಕ್ ಖಾತೆ ಬದಲಾವಣೆ’ ಮಾಡಿಸಿದರೆ ಬದಲಾಗುವುದು, ಯೂನಿಟ್ ಮಾರಿದಾಗ ಹಣ ಬಂದು ಬೀಳುವ ಖಾತೆ. ತಿಂಗಳ ಕಂತು ಹಳೆಯ ಮ್ಯಾಂಡೇಟಿನ ಮೇಲೆಯೇ ಓಡುತ್ತಿರುತ್ತದೆ, ಅದಕ್ಕೆ ಬೇರೆಯೇ ಅರ್ಜಿ ಬೇಕು. ಎರಡೂ ಮಾಡಿಸಬೇಕು. ತಿಂಗಳ ಎಸ್‌ಐಪಿ ಸತತ ಮೂರು ಸಲ ಹೋಗದಿದ್ದರೆ ಫಂಡಿನವರೇ ಅದನ್ನು ರದ್ದು ಮಾಡುತ್ತಾರೆ. ಸಾಲದ ಕಂತಿನಷ್ಟು ಅಪಾಯ ಅದರಲ್ಲಿಲ್ಲ. ಎಲ್‌ಐಸಿಯಲ್ಲಿ ತಿಂಗಳ ಕಂತಿನವರಿಗೆ 15 ದಿನ, ಮೂರು ತಿಂಗಳು, ಆರು ತಿಂಗಳು, ವರ್ಷದ ಕಂತಿನವರಿಗೆ 30 ದಿನ ಕೃಪಾವಧಿ ಇರುತ್ತದೆ. ಅದೂ ದಾಟಿದರೆ ಪಾಲಿಸಿ ಲ್ಯಾಪ್ಸ್.

ಏಪ್ರಿಲ್ 10 ಕಳೆದ ಮೇಲೆ ಅವಳು ಮುಚ್ಚಬಹುದು, ಅಥವಾ ಹತ್ತು ಸಾವಿರ ಇಟ್ಟು ಜೂನ್ 16 ದಾಟುವವರೆಗೆ ಕಾಯಬಹುದು. ಕಾಯುವುದರಲ್ಲಿ ಇನ್ನೊಂದು ಲಾಭ, ಮೂರು ತಿಂಗಳಿಗೊಮ್ಮೆಯ ಎಲ್‌ಐಸಿ ಕಂತೂ ಅಷ್ಟರಲ್ಲಿ ಹೊಸ ಖಾತೆಯಿಂದ ಹೋಗಿದ್ದು ಖಾತ್ರಿಯಾಗುತ್ತದೆ.

ವಯಸ್ಸಾದವರ ಸಮಸ್ಯೆಯ ಬಗೆ ಬೇರೆ. ಆರ್.ಟಿ. ನಗರ, ಯಲಹಂಕದ ನಿವೃತ್ತರ ಮನೆಗಳಲ್ಲಿ ಮೂರ್ನಾಲ್ಕು ಪಾಸ್‌ಬುಕ್ ಇರುವುದು ಮಾಮೂಲು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಜತೆ ಸೇರಿತು, ವಿಜಯಾ ಬ್ಯಾಂಕು 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು, 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಕೆನರಾದಲ್ಲೊಂದು, ಸಿಂಡಿಕೇಟಿನಲ್ಲೊಂದು ಎಂದು ಇಟ್ಟುಕೊಂಡವರಿಗೆ ಈಗ ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ. ಇಂಥ ಹಳೆಯ ಖಾತೆಗಳಿಗೆ ವರ್ಷದೊಳಗಿನ ಶುಲ್ಕದ ಮಾತೇ ಇಲ್ಲ. ಆದರೆ ಇವುಗಳಲ್ಲೇ ವರ್ಷಕ್ಕೊಮ್ಮೆ ಕತ್ತರಿಸುವ, ಯಾರ ನೆನಪಿನಲ್ಲೂ ಇಲ್ಲದ ಎರಡು ಸಣ್ಣ ಮೊತ್ತ ಅಡಗಿರುತ್ತವೆ. ಮೇ ತಿಂಗಳ ಕೊನೆಯ ವಾರದಲ್ಲಿ ಹೋಗುವ 436 ರೂಪಾಯಿ ಮತ್ತು 20 ರೂಪಾಯಿ.

ಮೊದಲನೆಯದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, ಎರಡನೆಯದು ಸುರಕ್ಷಾ ವಿಮೆ. ಜೀವನ ಜ್ಯೋತಿಯಲ್ಲಿ ಯಾವ ಕಾರಣಕ್ಕೆ ಸಾವು ಬಂದರೂ ಮನೆಯವರಿಗೆ 2 ಲಕ್ಷ ಬರುತ್ತದೆ. ಅದು ಬ್ಯಾಂಕ್ ಖಾತೆಗೆ ಅಂಟಿಕೊಂಡ ವಿಮೆ, ಖಾತೆ ಮುಚ್ಚಿದರೆ ವಿಮೆಯೂ ಮುಗಿಯಿತು ಎಂದು ಯೋಜನೆಯ ನಿಯಮದಲ್ಲೇ ಇದೆ. ಹೊಸದಾಗಿ ಸೇರುವ ವಯಸ್ಸು 50ಕ್ಕೆ ಮುಗಿಯುತ್ತದೆ, ಮೊದಲೇ ಸೇರಿದವರಿಗೆ 55ರವರೆಗೆ ನಡೆಯುತ್ತದೆ. ಐವತ್ತೆರಡರ ಗೃಹಿಣಿಯೊಬ್ಬರು ‘ಈ ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲ’ ಎಂದು ಮುಚ್ಚಿಸಿಬಿಟ್ಟರೆ ಇನ್ನೊಂದು ಬ್ಯಾಂಕಿನಲ್ಲಿ ಅದನ್ನು ಹೊಸದಾಗಿ ತೆಗೆದುಕೊಳ್ಳಲು ವಯಸ್ಸು ದಾಟಿರುತ್ತದೆ. ಐವತ್ತರೊಳಗಿನವರು ಬೇರೆ ಖಾತೆಯಲ್ಲಿ ಸೇರಬಹುದು, ಆದರೆ ಮೊದಲ 30 ದಿನ ಅಪಘಾತದ ಸಾವಿಗೆ ಬಿಟ್ಟರೆ ಬೇರೆ ಸಾವಿಗೆ ಹಣ ಬರುವುದಿಲ್ಲ. ಅಂಥ ಖಾತೆಯನ್ನು ಮುಚ್ಚದೆ ಉಳಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ.

ಜಮಾ ಕಡೆಯ ಮಾತು ಬಾಕಿ ಇತ್ತು. ಗೃಹಲಕ್ಷ್ಮಿಯ 2,000 ರೂಪಾಯಿ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಮನೆಯೊಡತಿಗೆ ನಾಲ್ಕು ಖಾತೆ ಇದ್ದರೂ ಸರ್ಕಾರದ ಹಣಕ್ಕೆ ಜೋಡಣೆ ಒಂದಕ್ಕೇ, ಅದು ಯಾವುದು ಎಂದು ಬಹಳ ಜನರಿಗೆ ಗೊತ್ತಿಲ್ಲ. `myAadhaar` ಜಾಲತಾಣದಲ್ಲಿ `Bank Seeding Status` ಒತ್ತಿದರೆ ಯಾವ ಬ್ಯಾಂಕು ಎಂದು ಕಾಣುತ್ತದೆ. ಮುಚ್ಚಬೇಕೆಂದಿರುವುದೇ ಅದಾದರೆ, ಉಳಿಸಿಕೊಳ್ಳುವ ಖಾತೆಯ ಶಾಖೆಯಲ್ಲಿ ಆಧಾರ್ ಸೀಡಿಂಗ್ ಫಾರಂ ಕೊಟ್ಟು, ಬ್ಯಾಂಕಿನ ಹೆಸರು ಬದಲಾದದ್ದನ್ನು ಅದೇ ಜಾಲತಾಣದಲ್ಲಿ ನೋಡಿ, ಆಮೇಲೆ ಮುಂದಿನ ಹೆಜ್ಜೆ. ಆದಾಯ ತೆರಿಗೆ ರೀಫಂಡಿಗೆ ಕೊಟ್ಟ ಖಾತೆ, ಷೇರಿನ ಡಿವಿಡೆಂಡ್ ಬರುವ ಖಾತೆ ಇವನ್ನೂ ಹೀಗೇ ಮೊದಲೇ ಬದಲಿಸಬೇಕು.

ಇಷ್ಟಾದ ಮೇಲೆ ಕೌಂಟರಿನ ಕೆಲಸ ಅರ್ಧ ಗಂಟೆಯದು. ಸಾಮಾನ್ಯವಾಗಿ ಖಾತೆ ಇರುವ ಹೋಮ್ ಬ್ರಾಂಚಿಗೇ ಹೋಗಬೇಕಾಗುತ್ತದೆ. ಬೇಕಾದದ್ದು ಪಾಸ್‌ಬುಕ್, ಉಳಿದ ಚೆಕ್ ಹಾಳೆಗಳು, ಡೆಬಿಟ್ ಕಾರ್ಡ್, ಆಧಾರ್ ಮತ್ತು ಪ್ಯಾನ್ ಪ್ರತಿ, ಹಣ ಹೋಗಬೇಕಾದ ಖಾತೆಯ ಒಂದು ರದ್ದಾದ ಚೆಕ್ಕು. ಆರ್.ಟಿ. ನಗರದ ಶಾಖೆಯೊಂದರಲ್ಲಿ ಹಿರಿಯರೊಬ್ಬರು ಇದೆಲ್ಲವನ್ನೂ ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಕೊಂಡು ಬಂದಿದ್ದರು. ಕೌಂಟರಿನ ಹುಡುಗ ಪಾಸ್‌ಬುಕ್ಕಿನ ಮೊದಲ ಪುಟ ನೋಡಿ, ‘ಸಾರ್, ಇದು ಜಾಯಿಂಟ್ ಅಕೌಂಟು, ಮೇಡಂ ಸೈನೂ ಬೇಕು’ ಎಂದ. ‘ಐದರ್ ಆರ್ ಸರ್ವೈವರ್ ಇದೆಯಲ್ಲಪ್ಪಾ, ಇಷ್ಟು ವರ್ಷ ನಾನೊಬ್ಬನೇ ತಾನೇ ದುಡ್ಡು ತೆಗೆದಿದ್ದು?’ ಎಂದರು ಅವರು. ‘ತೆಗೆಯೋಕೆ ಒಬ್ರು ಸಾಕು ಸಾರ್, ಮುಚ್ಚೋಕೆ ಇಬ್ರೂ ಬೇಕು’. ಹುಡುಗ ಹೇಳಿದ್ದು ಸರಿ. ಬ್ಯಾಂಕುಗಳು ಜಂಟಿ ಖಾತೆ ಮುಚ್ಚಲು ಎಲ್ಲ ಖಾತೆದಾರರ ಸಹಿ ಕೇಳುತ್ತವೆ.

ಫಾರಂ ಕೊಟ್ಟಾಗ ಸೀಲು ಹಾಕಿದ ಸ್ವೀಕೃತಿ ಪ್ರತಿ ಪಡೆಯಿರಿ, ಅದರ ಮೇಲೆ ತಾರೀಕು ಇರಲಿ. ಚೆಕ್ ಹಾಳೆಗಳನ್ನು, ಕಾರ್ಡನ್ನು ನಿಮ್ಮೆದುರೇ ಕತ್ತರಿಸಲು ಹೇಳಿ. ಉಳಿತಾಯ ಖಾತೆಯ ಬಡ್ಡಿ ದಿನದ ಬಾಕಿಯ ಮೇಲೆ ಲೆಕ್ಕವಾಗುವುದರಿಂದ, ಹಿಂದಿನ ಸಲ ಬಡ್ಡಿ ಜಮೆಯಾದ ಮೇಲಿನ ದಿನಗಳ ಬಡ್ಡಿಯೂ ಸೇರಿ ಹಣ ಬರಬೇಕು. ಹೊಸ ಖಾತೆಗೆ ಬಂದ ಮೊತ್ತವನ್ನು ಕೊನೆಯ ಬಾಕಿಯ ಜತೆ ತಾಳೆ ನೋಡಿದರೆ ಬಡ್ಡಿ ಸೇರಿದೆಯೇ, ವರ್ಷ ದಾಟಿದ ಖಾತೆಗೂ 590 ಹಿಡಿದುಕೊಂಡಿದ್ದಾರೆಯೇ ಎಂದು ತಿಳಿಯುತ್ತದೆ. ತಪ್ಪಿದ್ದರೆ ಶಾಖೆಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ಮೂಲಕ ಬರೆಯಬಹುದು, ಅದಕ್ಕೆ ಶುಲ್ಕ ಇಲ್ಲ.

ಸ್ಟೇಟ್‌ಮೆಂಟನ್ನು ಮಾತ್ರ ಫಾರಂ ಕೊಡುವ ಮೊದಲೇ ಇಳಿಸಿಟ್ಟುಕೊಳ್ಳಿ, ಖಾತೆ ಮುಚ್ಚಿದ ಮೇಲೆ ನೆಟ್ ಬ್ಯಾಂಕಿಂಗ್ ಲಾಗಿನ್ ಹೋಗುತ್ತದೆ. ಆದಾಯ ತೆರಿಗೆ ರಿಟರ್ನಿನಲ್ಲಿ ಆ ಹಣಕಾಸು ವರ್ಷದ ಯಾವುದೇ ಹೊತ್ತಿನಲ್ಲಿ ಇದ್ದ ಖಾತೆಗಳನ್ನೆಲ್ಲ ಬರೆಯಬೇಕು. ನಮ್ಮ ಹುಡುಗಿ ಜೂನಿನಲ್ಲಿ ಮುಚ್ಚಿದ ಖಾತೆಯ ಸಂಖ್ಯೆ, ಐಎಫ್‌ಎಸ್‌ಸಿ, ಏಪ್ರಿಲಿನಿಂದ ಅದರಲ್ಲಿ ಬಂದ ಬಡ್ಡಿ ಇಷ್ಟೂ ಅವಳಿಗೆ 2027ರ ಜುಲೈನಲ್ಲಿ ಬೇಕಾಗುತ್ತವೆ.